ಪದಚರ್ಚೆ: ಪರಿಚಯದ ಒಂದು ಸಾಲಿನಲ್ಲಿ ‘ಹವ್ಯಾಸ’, ‘ಚಟ’, ‘ಬಿಡಿಸು’

ವೀಣಾ:

ಎಲ್ಲರಿಗೂ ನಮಸ್ಕಾರ. ಒಂದು ಪ್ರೊಫೈಲ್‌ಗೆ ಪರಿಚಯದ ಸಾಲು ಬೇಕಾಗಿದೆ. ಇರುವ ಜಾಗ 80 ಅಕ್ಷರ. ಹವ್ಯಾಸಗಳೂ ಗೊತ್ತಾಗಬೇಕು, ಓದಿದವರಿಗೆ ಸಣ್ಣ ನಗುವೂ ಬರಬೇಕು. ಸದ್ಯಕ್ಕೆ ಬರೆದಿರುವುದು ಇದು:

“ಚಿತ್ರ ಬಿಡಿಸುವುದು, ಪದಬಂಧ ತುಂಬುವುದು ಮತ್ತು ಕ್ರೋಶಾ ಹೆಣೆಯುವುದು ನನ್ನ ಹವ್ಯಾಸಗಳು. ಹಾಸ್ಯಪ್ರಿಯೆ.”

ಬೆರಳು ಮಡಿಸಿ ಎಣಿಸಿದರೆ 35 ಅಕ್ಷರ. ನಡುವಿನ ಖಾಲಿ ಜಾಗ, ಅಲ್ಪವಿರಾಮ, ಚುಕ್ಕಿ ಎಲ್ಲ ಸೇರಿದರೂ 47. ಆದರೆ ಸೇವ್ ಮಾಡಿದಾಗ ಕೊನೆಯ ಪದ “ಹಾಸ್ಯಪ” ಎಂದು ಅರ್ಧಕ್ಕೆ ನಿಲ್ಲುತ್ತದೆ. ಇದು ಯಾಕೆ? ಇನ್ನೊಂದು ಪ್ರಶ್ನೆ: ‘ಹವ್ಯಾಸ’ದ ಬದಲು ‘ಚಟ’ ಎಂದರೆ ತಮಾಷೆಯಾಗಿ ಕೇಳಿಸುತ್ತದೆಯೋ, ತಪ್ಪು ಅರ್ಥ ಹೋಗುತ್ತದೆಯೋ?

ಸುಬ್ಬರಾವ್:

ಒತ್ತಕ್ಷರವನ್ನು ಕಂಪ್ಯೂಟರು ಎರಡು ಅಕ್ಷರವೆಂದು ಲೆಕ್ಕ ಹಿಡಿಯುತ್ತದೆ ತಾಯಿ, ಅದಕ್ಕೇ ತುಂಡಾಗಿದೆ. ‘ಮತ್ತು’ ತೆಗೆದುಹಾಕಿ, ಸರಿಹೋಗುತ್ತದೆ. ‘ಚಟ’ ಬೇಡವೇ ಬೇಡ. ಚಟವೆಂದರೆ ಕೆಟ್ಟದ್ದು, ಹವ್ಯಾಸವೆಂದರೆ ಒಳ್ಳೆಯದು. ನಗು ತರಿಸಬೇಕೆಂದರೆ ‘ಹಾಸ್ಯಪ್ರಿಯೆ’ ಇದ್ದೇ ಇದೆಯಲ್ಲ.

ಇಮ್ತಿಯಾಜ್:

ಸುಬ್ಬರಾವ್ ಸರ್ ಹೇಳಿದ್ದರಲ್ಲಿ ಅರ್ಧ ಸರಿ. ಒತ್ತಕ್ಷರ ಎರಡಲ್ಲ, ಕನಿಷ್ಠ ಮೂರು. ‘ತ್ರ’ ಎಂದರೆ ತ, ಅದರ ಅಕಾರವನ್ನು ಕೊಲ್ಲುವ ಹಲಂತ, ಆಮೇಲೆ ರ. ಈ ಹಲಂತ ಕಣ್ಣಿಗೆ ಕಾಣದಿದ್ದರೂ ಯೂನಿಕೋಡ್‌ನಲ್ಲಿ ಅದಕ್ಕೆ ತನ್ನದೇ ಸ್ಥಾನವಿದೆ. ಒತ್ತು ಇಲ್ಲದ ಕಡೆಯೂ ಲೆಕ್ಕ ಬೆಳೆಯುತ್ತದೆ, ಏಕೆಂದರೆ ಗುಣಿತದ ಪ್ರತಿ ಚಿಹ್ನೆಯೂ ಬೇರೆ. ‘ಬಿ’ ಎರಡು, ‘ಪ್ರಿ’ ನಾಲ್ಕು. ಅನುಸ್ವಾರವೂ ಒಂದು.

ವೀಣಾ ಅವರ ಸಾಲು ಹೀಗೆ ಎಣಿಸಿದರೆ 86 ಆಗುತ್ತದೆ. ‘ಹಾಸ್ಯಪ್ರಿಯೆ’ಯ ಹ ಬೀಳುವುದು 75ನೇ ಜಾಗದಲ್ಲಿ. ಅಲ್ಲಿಂದ ಹ, ಆಕಾರ, ಸ, ಹಲಂತ, ಯ, ಪ. ಅಲ್ಲಿಗೆ 80 ಮುಗಿಯಿತು. “ಹಾಸ್ಯಪ” ಉಳಿದದ್ದು ಹೀಗೆ. ಪೈಥಾನ್ ಇದ್ದವರು ನೋಡಿಕೊಳ್ಳಬಹುದು:

```
len("ಹಾಸ್ಯಪ್ರಿಯೆ")
```

ಉತ್ತರ 11 ಬರುತ್ತದೆ, ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ‘ಮತ್ತು’ವನ್ನೂ ಅದರ ಪಕ್ಕದ ಒಂದು ಖಾಲಿ ಜಾಗವನ್ನೂ ತೆಗೆದರೆ ಆರು ಉಳಿದು ಸರಿಯಾಗಿ 80ಕ್ಕೆ ಬರುತ್ತದೆ ನಿಜ. ಆದರೆ ಅಲ್ಲಿ ಅಲ್ಪವಿರಾಮ ಹಾಕಲೇಬೇಕಾದ್ದರಿಂದ 81 ಆಗಿ ಕೊನೆಯ ಚುಕ್ಕಿ ಹೋಗುತ್ತದೆ. ಎಲ್ಲ ಕಡೆ ಇದೇ ಲೆಕ್ಕ ಎನ್ನುವಂತಿಲ್ಲ, ಕಣ್ಣಿಗೆ ಕಾಣುವ ಅಕ್ಷರವನ್ನೇ ಎಣಿಸುವ ಜಾಲತಾಣಗಳೂ ಇವೆ. ಕೊನೆಯ ಪದದ ಗುಣಿತವೋ ಒತ್ತೋ ಮಾಯವಾಗಿದ್ದರೆ ಮಾತ್ರ ಹೀಗೆ ಬಿಡಿಬಿಡಿಯಾಗಿ ಎಣಿಸಿ ಕತ್ತರಿಸಿದ್ದಾರೆಂದು ತಿಳಿಯಬಹುದು.

ನಾಗರತ್ನ:

ಲೆಕ್ಕ ಇಮ್ತಿಯಾಜ್ ಹೇಳಿದ್ದಾರೆ, ನಾನು ಪದಗಳ ಬಗ್ಗೆ ಹೇಳುತ್ತೇನೆ. ಈ ಸಾಲಿನಲ್ಲಿ ಜಾಗ ತಿನ್ನುತ್ತಿರುವುದು ‘ಮತ್ತು’ ಅಲ್ಲ, ಮೂರು ಸಲ ಬಂದಿರುವ ‘ವುದು’ ಮತ್ತು ಕೊನೆಯ ‘ನನ್ನ ಹವ್ಯಾಸಗಳು’. ಕನ್ನಡದಲ್ಲಿ ಕ್ರಿಯಾಪದವೇ ಯಾರು ಎಂಬುದನ್ನು ಹೇಳಿಬಿಡುತ್ತದೆ. ‘ಬಿಡಿಸುವೆ’ ಎಂದರೆ ಸಾಕು, ನಾನು ಎನ್ನಬೇಕಿಲ್ಲ, ಹವ್ಯಾಸ ಎನ್ನಬೇಕಿಲ್ಲ. ಪ್ರೊಫೈಲ್‌ನಲ್ಲಿ ಬರೆದದ್ದನ್ನು ಯಾರೂ ಉದ್ಯೋಗವೆಂದು ಓದುವುದಿಲ್ಲ. ಉತ್ತಮ ಪುರುಷದಲ್ಲಿ ಲಿಂಗಭೇದವೂ ಇಲ್ಲವಾದ್ದರಿಂದ ‘ಓದುಗ’, ‘ಚಾರಣಿಗ’ ಥರದ ಪದಗಳಿಗೆ ಹೆಣ್ಣುರೂಪ ಹುಡುಕುವ ಕಷ್ಟವೂ ತಪ್ಪುತ್ತದೆ.

‘ಹಾಸ್ಯಪ್ರಿಯೆ’ ಇಲ್ಲಿ ಎರಡು ರೀತಿಯಲ್ಲಿ ಕೆಲಸಕ್ಕೆ ಬಾರದು. ಅದರ ಅರ್ಥ ಹಾಸ್ಯವನ್ನು ಇಷ್ಟಪಡುವವಳು ಎಂದೇ ಹೊರತು ನಗಿಸುವವಳು ಎಂದಲ್ಲ. ಅಲ್ಲದೆ ಸುಬ್ಬರಾಯರೇ, ನಗು ಬರಬೇಕಾದ್ದು ಸಾಲಿನಿಂದ. “ನಾನು ಹಾಸ್ಯ ಮಾಡುತ್ತೇನೆ” ಎಂದು ಸಾರಿದರೆ ಓದುವವರು ಕಾಯುತ್ತಾರೆ, ಮುಂದೆ ಏನೂ ಬರುವುದಿಲ್ಲ. 11 ಜಾಗ ಖರ್ಚು, ಕೊಟ್ಟ ಮಾತು ಉಳಿಯಲಿಲ್ಲ.

ಇನ್ನು ‘ಹವ್ಯಾಸ’ ಬರೀ ಒಳ್ಳೆಯದಕ್ಕೆ ಸಲ್ಲುವ ಪದವಲ್ಲ. ‘ಕೆಟ್ಟ ಹವ್ಯಾಸ’ ಎಂದು ಹೇಳುವುದು ರೂಢಿಯಲ್ಲಿದೆ. ‘ಚಟ’ ಕೂಡ ಯಾವಾಗಲೂ ಬೈಗುಳವಲ್ಲ. ‘ಓದುವ ಚಟ’ ಎಂದಾಗ ಅದರಲ್ಲಿ ಅಕ್ಕರೆ ಇದೆ. ಭೇದ ಇರುವುದು ಇಲ್ಲಿ: ಹಿಂದೆ ಏನೂ ಇಲ್ಲದೆ ಬರೀ ‘ಚಟ’ ಎಂದರೆ ಓದುವವರ ಮನಸ್ಸು ನೇರ ಕುಡಿತ, ಸಿಗರೇಟಿಗೆ ಹೋಗುತ್ತದೆ. ಯಾವುದರ ಚಟ ಎಂದು ಮೊದಲೇ ಗೊತ್ತಾಗಿದ್ದರೆ ನಗು ಬರುತ್ತದೆ. ‘ಹುಚ್ಚು’ಗೂ ಇದೇ ಮಾತು. ‘ಗೀಳು’ ಮಾತ್ರ ಮನೋರೋಗದ ಹೆಸರಿಗೂ ಬಳಕೆಯಾಗಿರುವುದರಿಂದ ನಾನಾದರೆ ತಮಾಷೆಗೆ ಬಳಸುವುದಿಲ್ಲ.

ವೀಣಾ ಅವರ ಸಾಲಿನಲ್ಲೇ ಒಂದು ಒಳ್ಳೆಯ ಪದ ಇದೆ, ಅದನ್ನು ಅವರು ಒಂದೇ ಸಲ ಬಳಸಿ ಬಿಟ್ಟಿದ್ದಾರೆ: ‘ಬಿಡಿಸು’. ಚಿತ್ರವನ್ನೂ ಬಿಡಿಸುತ್ತೇವೆ, ಪದಬಂಧವನ್ನೂ ಬಿಡಿಸುತ್ತೇವೆ, ಹೆಣೆಯುವಾಗ ನೂಲು ಸಿಕ್ಕುಗಟ್ಟಿದರೆ ಆ ಗಂಟನ್ನೂ ಬಿಡಿಸುತ್ತೇವೆ. ಮೂರಕ್ಕೂ ಒಂದೇ ಕ್ರಿಯಾಪದ ಸಾಕು. ಅದರ ಮೂಲ ‘ಬಿಡು’ ಚಟದ ಜೊತೆ ತಾನಾಗಿಯೇ ಬರುತ್ತದೆ:

“ಚಿತ್ರ, ಪದಬಂಧ, ನೂಲಿನ ಗಂಟು ಬಿಡಿಸುವೆ. ಚಟ ಬಿಡೆ.”

ಇಮ್ತಿಯಾಜ್ ಲೆಕ್ಕದಲ್ಲಿ ಇದು 43.

ಬಸವರಾಜ:

ನನ್ನದೂ ಒಂದು ಇದೆ, ನೋಡಿ ಹೇಳ್ರಿ. ಹಳೇ ರೇಡಿಯೊ ರಿಪೇರಿ ಮಾಡೋದು ಹವ್ಯಾಸ. “ಎಲೆಕ್ಟ್ರಾನಿಕ್ಸ್ ಆಸಕ್ತ, ತಮಾಷೆ ಸ್ವಭಾವ” ಅಂತ ಹಾಕೀನಿ. ‘ಬಿಡಿಸು’ ಇದಕ್ಕೂ ಬರತದೇನು? ಮತ್ತೆ, ನಾಗರತ್ನ ಮೇಡಂ ಕೊಟ್ಟ ಸಾಲಿನ್ಯಾಗ ‘ಚಟ ಬಿಡೆ’ ಓದಿದಾಗ ಯಾರಿಗೋ “ಚಟ ಬಿಡೇ” ಅಂತ ಹೇಳಿದಂಗ ಆಗತೈತಿ. ಗೆಳತಿಗೆ ಬುದ್ಧಿ ಹೇಳಿದಂಗ.

ನಾಗರತ್ನ:

ಬಸವರಾಜ್ ಅವರೇ, ‘ಬಿಡೆ’ ಬಗ್ಗೆ ನೀವು ಹೇಳಿದ್ದು ನನಗೆ ಹೊಳೆದಿರಲಿಲ್ಲ. ಹಳೆಯ ನಿಷೇಧರೂಪ ಅದು, ‘ಬಿಡೆನು’ ಎಂದು. ಬರಹದಲ್ಲಿ ಬಲ್ಲವರಿಗೆ ಸರಿ, ಮಾತಿನ ಕಿವಿಗೆ ನೀವು ಹೇಳಿದಂತೆಯೇ ಕೇಳಿಸುತ್ತದೆ. ‘ಬಿಡಲ್ಲ’ ಮಾಡೋಣ, ಎರಡು ಜಾಗ ಹೆಚ್ಚು ಅಷ್ಟೆ. ಅದರಿಂದ ಒಂದು ಲಾಭವೂ ಇದೆ. ‘ಬಿಡಲ್ಲ’ಕ್ಕೆ ಪುರುಷಭೇದವಿಲ್ಲ. “ಚಟ ಬಿಡಲ್ಲ” ಎಂದರೆ ನಾನು ಚಟವನ್ನು ಬಿಡುವುದಿಲ್ಲ ಎಂದೂ ಆಗುತ್ತದೆ, ಚಟ ನನ್ನನ್ನು ಬಿಡುವುದಿಲ್ಲ ಎಂದೂ ಆಗುತ್ತದೆ. ‘ಬಿಡೆ’ಯಲ್ಲಿ ಮೊದಲನೆಯದು ಮಾತ್ರ ಇತ್ತು.

ನಿಮ್ಮ ರೇಡಿಯೊಗೆ ‘ಬಿಡಿಸು’ ಹೊಂದುವುದಿಲ್ಲ, ಅದಕ್ಕೆ ‘ಬಿಚ್ಚು’. ನಿಮ್ಮ ಸಾಲಿನಲ್ಲಿ ‘ಆಸಕ್ತ’, ‘ಸ್ವಭಾವ’ ಎರಡೂ ಯಾರ ಪ್ರೊಫೈಲ್‌ಗಾದರೂ ಸಲ್ಲುವ ಪದಗಳು. ರೇಡಿಯೊ ಎಂಬ ವಸ್ತುವೇ ಬಂದಿಲ್ಲ. ವಸ್ತುವಿನ ಹೆಸರು ಹಾಕಿ, ಆಮೇಲೆ ಆ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಒಂದು ಎಡವಟ್ಟು ಸೇರಿಸಿ: “ರೇಡಿಯೊ ಬಿಚ್ಚಿ ಜೋಡಿಸುವೆ. ಪ್ರತಿಸಲ ಒಂದು ಸ್ಕ್ರೂ ಉಳಿಯುತ್ತದೆ.” ಇದನ್ನೇ ತಿರುಗಿಸಿ “ಒಂದು ಸ್ಕ್ರೂ ಉಳಿಯುವಂತೆ ರೇಡಿಯೊ ಜೋಡಿಸುವೆ” ಎಂದು ಬರೆದು ನೋಡಿ. ಪದಗಳು ಹೆಚ್ಚುಕಡಿಮೆ ಅವೇ, ನಗು ಹೋಯಿತು. ಎಡವಟ್ಟು ಮೊದಲೇ ಬಂದು, ಕೊನೆಯ ಪದಕ್ಕೆ ಕಾಯಲು ಏನೂ ಉಳಿಯಲಿಲ್ಲ.

ಬಸವರಾಜ:

ಸ್ಕ್ರೂ ಮಾತು ಖರೇ ಐತ್ರಿ. ಇದನ್ನ ಹಾಕತೀನಿ.

ವೀಣಾ:

ನಾಗರತ್ನ ಮೇಡಂ, ತುಂಬ ಉಪಕಾರವಾಯಿತು. ಎರಡು ಅನುಮಾನ ಇವೆ. ‘ನೂಲಿನ ಗಂಟು’ ಎಂದರೆ ಕ್ರೋಶಾ ಎಂದು ಯಾರಿಗೆ ಗೊತ್ತಾಗುತ್ತದೆ? ಗಾಳಿಪಟದ ದಾರ ಎಂದೂ ತಿಳಿಯಬಹುದು. ಎರಡನೆಯದು, “ಚಟ ಬಿಡಲ್ಲ” ಎಂಬಲ್ಲಿ ನೀವೇ ಹೇಳಿದ ಕುಡಿತದ ಅರ್ಥ ಹತ್ತಿರದಲ್ಲೇ ಸುಳಿಯುತ್ತದೆ. ನಡುವೆ ಚುಕ್ಕಿ ಬಂದಿದೆಯಲ್ಲ, ಹೊಸ ವಾಕ್ಯ ಎಂದು ಓದಿದರೆ?

ಇಮ್ತಿಯಾಜ್:

‘ಈ’ ಸೇರಿಸಿ. ಸ್ವರ ಒಂದೇ ಜಾಗ, ಪಕ್ಕದ ಖಾಲಿ ಜಾಗ ಇನ್ನೊಂದು. “ಈ ಚಟ” ಎಂದ ಕೂಡಲೇ ಹಿಂದಿನ ಮೂರಕ್ಕೇ ಕಟ್ಟಿಹಾಕಿದಂತೆ. ‘ನೂಲಿನ’ ತೆಗೆದು ‘ಕ್ರೋಶಾ’ ಹಾಕಿದರೆ ಒಂದೇ ಒಂದು ಜಾಗ ಹೆಚ್ಚು:

“ಚಿತ್ರ, ಪದಬಂಧ, ಕ್ರೋಶಾ ಗಂಟು ಬಿಡಿಸುವೆ. ಈ ಚಟ ಬಿಡಲ್ಲ.”

ಒಟ್ಟು 48. ಉಳಿದ 32 ಜಾಗ ತುಂಬಿಸಲು ಹೋಗಬೇಡಿ. ‘ಬಿಡಲ್ಲ’ ಆದ ಮೇಲೆ ಏನು ಬಂದರೂ ಅದರ ಪೆಟ್ಟು ತಗ್ಗುತ್ತದೆ, ನಗುವ ಮುಖದ ಎಮೋಜಿ ಕೂಡ.

ಸುಬ್ಬರಾವ್:

ಹವ್ಯಾಸದ ವಿಷಯದಲ್ಲಿ ಒಪ್ಪಿದೆ, ‘ಕೆಟ್ಟ ಹವ್ಯಾಸ’ ಎಂದು ನಾನೇ ಎಷ್ಟೋ ಸಲ ಬರೆದಿದ್ದೇನೆ. ಆದರೆ ‘ಬಿಡಿಸುವೆ’ ಗ್ರಂಥದ ಭಾಷೆ, ‘ಬಿಡಲ್ಲ’ ಆಡುಮಾತು. ಒಂದೇ ಉಸಿರಿನಲ್ಲಿ ಎರಡು ಸರಿಯಲ್ಲ. ‘ಬಿಡುವುದಿಲ್ಲ’ ಎನ್ನಿ. ಇಲ್ಲವೇ ಎರಡನ್ನೂ ಆಡುಮಾತಿಗೆ ತನ್ನಿ, “ಬಿಡಿಸ್ತೀನಿ, ಈ ಚಟ ಬಿಡಲ್ಲ” ಎಂದು. ಅಲ್ಲದೆ ‘ಬಿಡಿಸುವೆ’ ಎಂಬುದು ‘ನೀನು ಬಿಡಿಸುವೆ’ ಎಂದೂ ಆಗುತ್ತದೆ. ‘ಬಿಡಿಸ್ತೀನಿ’ಗೆ ಆ ಗೊಂದಲವಿಲ್ಲ.

ನಾಗರತ್ನ:

ಪ್ರೊಫೈಲ್‌ನಲ್ಲಿ ‘ನೀನು’ ಎಂದು ಯಾರೂ ಓದಲಾರರು, ಅದನ್ನು ಬಿಡಿ. ಭಾಷೆ ಬೆರೆಯುವ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಮೊದಲ ವಾಕ್ಯ ಅಚ್ಚುಕಟ್ಟಾಗಿ ನಡೆದು ಎರಡನೆಯದು ಮಾತಿಗೆ ಜಾರಿದಾಗಲೇ ಹಟ ಕೇಳಿಸುತ್ತದೆ. ‘ಬಿಡುವುದಿಲ್ಲ’ ಎಂದರೆ ಹಟ ಹೋಗಿ ಪ್ರತಿಜ್ಞೆಯಾಗುತ್ತದೆ. ‘ಬಿಡಿಸ್ತೀನಿ’ ಬಳಸಬಹುದು, ಎರಡು ಜಾಗ ಹೆಚ್ಚಾಗಿ 50 ಆಗುತ್ತದೆ, ಜಾಗಕ್ಕೇನೂ ಬರವಿಲ್ಲ. ಆದರೆ ‘ಸ್ತೀ’ ಎಂಬ ಒತ್ತು ನಡುವೆ ಬಂದರೆ ‘ಬಿಡಿಸು–ಬಿಡು’ ಎಂಬ ಜೋಡಿ ಕಣ್ಣಿಗೆ ಅಷ್ಟು ಬೇಗ ಬೀಳುವುದಿಲ್ಲ ಎಂಬುದು ನನ್ನ ಅನಿಸಿಕೆ.

ಸುಬ್ಬರಾವ್:

ಕಣ್ಣಿಗಿಂತ ಕಿವಿ ಮುಖ್ಯ. ಎರಡನ್ನೂ ಗಟ್ಟಿಯಾಗಿ ಓದಿ ನೋಡಿ ವೀಣಾ, ನಾಲಗೆ ಎಲ್ಲಿ ತೊಡರುತ್ತದೆಂದು ಗೊತ್ತಾಗುತ್ತದೆ.

ವೀಣಾ:

ಓದಿದೆ. ‘ಬಿಡಿಸ್ತೀನಿ’ ಎಂದಾಗ ಚುಕ್ಕಿಯ ಬಳಿ ನಿಲ್ಲದೆ ಒಂದೇ ಓಟಕ್ಕೆ ಹೋಗುತ್ತದೆ, ‘ಬಿಡಿಸುವೆ’ಯಲ್ಲಿ ಒಂದು ಕ್ಷಣ ನಿಲುಗಡೆ ಬರುತ್ತದೆ. ನನಗೆ ಆ ನಿಲುಗಡೆ ಬೇಕು, 48ರ ಸಾಲನ್ನೇ ಹಾಕಿದ್ದೇನೆ. ಪೂರ್ತಿ ಕಾಣುತ್ತಿದೆ, ‘ಲ್ಲ’ದ ಒತ್ತೂ ಇದೆ.