ಪಶ್ಚಿಮದ ಕೋಣೆ: ದಪ್ಪ ಪರದೆ ಹಾಕಿದರೂ ಸೆಕೆ ಇಳಿಯುತ್ತಿಲ್ಲ

ಕುಂಬಳೆಹೊಳೆ:
ಕುಂಬಳೆಯ ಸಮೀಪ ನಮ್ಮದು ಸಾರಣೆಯಿಲ್ಲದ ಕೆಂಪುಕಲ್ಲಿನ ಮನೆ. ಕೆಳಗಿನ ಮಲಗುವ ಕೋಣೆಗೆ ಪಶ್ಚಿಮದಲ್ಲಿ ನಾಲ್ಕಡಿ ಅಗಲದ ಗಾಜಿನ ಕಿಟಕಿಯಿದೆ. ಮಧ್ಯಾಹ್ನ ಎರಡರ ಬಳಿಕ ಬಿಸಿಲು ಒಳಗೆ ಬೀಳುವುದರಿಂದ ಕಡುಕಂದು ಬಣ್ಣದ ದಪ್ಪ ಪರದೆ ಹಾಕಿಸಿದೆ. ಕೋಣೆ ಕತ್ತಲಾಯಿತೇ ಹೊರತು ಸೆಕೆ ಇಳಿಯಲಿಲ್ಲ. ರಾತ್ರಿ ಹನ್ನೊಂದಾದರೂ ನಿದ್ದೆಯಿಲ್ಲ. ಮಂಚದ ತಲೆಭಾಗ ಅದೇ ಗೋಡೆಗೆ ತಾಗಿಕೊಂಡಿದೆ.

ಅಡಕೆಸೋಗೆ:
ಬಣ್ಣದಿಂದ ಏನೂ ಆಗುವುದಿಲ್ಲ. ಇನ್ನೂ ದಪ್ಪದ ಪರದೆ ಹಾಕಿ, ಬಿಸಿಲಿರುವಷ್ಟು ಹೊತ್ತು ಕಿಟಕಿ ಮುಚ್ಚಿಡಿ.

ಮುಳ್ಳೇರಿಯ:
ನಾವು ತಾರಸಿಗೆ ಬಿಳಿ ಬಣ್ಣ ಬಳಿಸಿದ ಮೇಲೆ ಬಹಳ ವ್ಯತ್ಯಾಸವಾಯಿತು.

ಕುಂಬಳೆಹೊಳೆ:
ನಮ್ಮ ಕೋಣೆಯ ಮೇಲೆ ಇನ್ನೊಂದು ಕೋಣೆಯಿದೆ, ಅಕ್ಕಾ. ತಾರಸಿಯ ಬಿಸಿ ಇಲ್ಲಿಗೆ ಬರುವುದಿಲ್ಲ.

ಹಳೆಮೇಸ್ತ್ರಿ:
ಬಿಸಿಲಿಗೆ ಕಿಟಕಿ ಮುಚ್ಚಬೇಕೆಂಬುದು ಸರಿ, ಬಣ್ಣದ ಮಾತು ಸರಿಯಲ್ಲ. ಬಿಸಿಲು ಗಾಜು ದಾಟಿ ಕಡುಬಣ್ಣದ ಬಟ್ಟೆಗೆ ಬಿದ್ದರೆ ಬಟ್ಟೆಯೇ ಕಾದು, ಆ ಬಿಸಿಯನ್ನು ಕೋಣೆಗೆ ಬಿಡುತ್ತದೆ. ನಾಲ್ಕು ಗಂಟೆಗೆ ಪರದೆಗೂ ಗಾಜಿಗೂ ನಡುವೆ ಕೈಯಿಟ್ಟು ನೋಡಿ, ತಿಳಿಯುತ್ತದೆ. ಗಾಜಿನ ಕಡೆಗೆ ಬಿಳಿ ಅಸ್ತರು ಹೊಲಿಸಿದರೆ ಬೆಳಕಿನ ಒಂದು ಪಾಲು ಗಾಜಿನಿಂದಲೇ ಹಿಂದಕ್ಕೆ ಹೋಗುತ್ತದೆ. ಅದಕ್ಕಿಂತ ಮೇಲು, ಗಾಜು ಕಾಯುವ ಮೊದಲೇ ಬಿಸಿಲನ್ನು ತಡೆಯುವುದು: ಹೊರಗೆ ಒಂದಡಿ ಬಿಟ್ಟು ಬಿದಿರಿನ ತಟ್ಟಿಯನ್ನೋ ಹೆಣೆದ ಮಡಲನ್ನೋ ಇಳಿಬಿಡಿ. ಸಂಜೆಯ ಸೂರ್ಯ ಕೆಳಗಿರುವುದರಿಂದ ಕಿಟಕಿಯ ಮೇಲಿನ ಸಜ್ಜಾ ಇಲ್ಲಿ ಪ್ರಯೋಜನಕ್ಕೆ ಬಾರದು.

ಆದರೆ ರಾತ್ರಿಯ ಸೆಕೆಗೆ ಕಾರಣ ಬಹುಶಃ ಗೋಡೆ. ಕೆಂಪುಕಲ್ಲು ಹಗಲು ಹೀರಿದ ಬಿಸಿಯನ್ನು ಗಂಟೆಗಟ್ಟಲೆ ತಡಮಾಡಿ ಒಳಗೆ ಬಿಡುತ್ತದೆ. ರಾತ್ರಿ ಒಂಬತ್ತಕ್ಕೆ ಪಶ್ಚಿಮದ ಗೋಡೆಯನ್ನೂ ಪೂರ್ವದ್ದನ್ನೂ ಮುಟ್ಟಿ ಹೋಲಿಸಿ. ಪಶ್ಚಿಮದ್ದು ಬೆಚ್ಚಗಿದ್ದರೆ ಮಂಚವನ್ನು ಎದುರಿನ ಗೋಡೆಗೆ ಸರಿಸಿ, ಮರದ ಕಪಾಟನ್ನು ಬಿಸಿ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ಪೂರ್ತಿ ಒತ್ತಿ ಇಟ್ಟರೆ ಮಳೆಗಾಲದಲ್ಲಿ ಹಿಂಬದಿಗೆ ಬೂಷ್ಟು ಬರುತ್ತದೆ. ಹೊರಗೋಡೆಗೆ ಸುಣ್ಣ ಬಳಿದರೆ ಇನ್ನೂ ಒಳ್ಳೆಯದು.

ಕುಂಬಳೆಹೊಳೆ (ಹತ್ತು ದಿನದ ಬಳಿಕ):
ಮೇಸ್ತ್ರಿಗಳೇ, ಗೋಡೆ ನಿಜವಾಗಿಯೂ ಬೆಚ್ಚಗಿತ್ತು. ಮಂಚ ಸರಿಸಿದ್ದೇ ಎಲ್ಲಕ್ಕಿಂತ ಉಪಕಾರವಾಯಿತು, ಅದಕ್ಕೆ ಖರ್ಚೂ ಇಲ್ಲ. ಮಡಲು ಕಟ್ಟಿದ ಮೇಲೆ ಸಂಜೆ ಪರದೆ ಮುಟ್ಟಿದರೆ ಬಿಸಿಯಿಲ್ಲ. ಸುಣ್ಣಕ್ಕೆ ಮಾತ್ರ ತಂದೆಯವರು ಒಪ್ಪುತ್ತಿಲ್ಲ, ಕಲ್ಲಿನ ಅಂದ ಕೆಡುತ್ತದಂತೆ. ಇನ್ನೊಂದು ತೊಡಕು: ಮಧ್ಯಾಹ್ನದ ಕಡಲಗಾಳಿ ಬರುವುದೂ ಅದೇ ಕಿಟಕಿಯಿಂದ. ಮುಚ್ಚಿದರೆ ಬೆವರು, ತೆರೆದರೆ ಬಿಸಿಗಾಳಿ.

ಹಳೆಮೇಸ್ತ್ರಿ:
ಮಡಲಿನ ಹಿಂದೆ ಕಿಟಕಿಯ ಒಂದು ಬಾಗಿಲನ್ನು ತೆರೆದು, ಎದುರಿನ ಕಿಟಕಿಯನ್ನೂ ತೆರೆದು ನೋಡಿ. ಸೂರ್ಯ ಮುಳುಗಿದ ಮೇಲೆ ಮಡಲು ಎತ್ತಿಬಿಡಿ.

ಅಡಕೆಸೋಗೆ:
ಕಿಟಕಿ ಮುಚ್ಚಿ ಫ್ಯಾನ್ ಹಾಕುವುದೇ ಮೇಲೆಂದು ನನಗೆ ಈಗಲೂ ಅನಿಸುತ್ತದೆ.

ಕುಂಬಳೆಹೊಳೆ:
ಎರಡನ್ನೂ ಒಂದೊಂದು ವಾರ ಮಾಡಿ ನೋಡಿ ಬರೆಯುತ್ತೇನೆ.