ಬೆನ್ನ ಮೇಲೆ ‘ಚಿಕ್ಕತಿಮ್ಮೇಗೌಡ’ ಹಿಡಿಯುತ್ತಿಲ್ಲ, ಏನು ಮಾಡೋದು?

ಲೆಗ್‌ಬೈ ಮಂಡ್ಯ
ನಮ್ಮದು ಮಂಡ್ಯದ ಭಾನುವಾರದ ಟೆನಿಸ್ ಬಾಲ್ ಟೀಮು. ಜೆರ್ಸಿ ಸ್ಯಾಂಪಲ್ ಬಂದಿದೆ. ಇಂಗ್ಲಿಷಿನಲ್ಲಿ ನನ್ನ ಹೆಸರು 17 ಅಕ್ಷರ. ಅಂಗಡಿಯವರು ಅದನ್ನು 11 ಇಂಚಿನೊಳಗೆ ಅಮುಕಿ, ಊದುಬತ್ತಿ ನಿಲ್ಲಿಸಿದ ಹಾಗೆ ಮಾಡಿದ್ದಾರೆ. ‘ಗೌಡ’ ಅಂತ ಹಾಕಿಸೋಣ ಅಂದ್ರೆ ಟೀಮಿನಲ್ಲಿ ಐದು ಜನ ಗೌಡರು. ಕನ್ನಡದಲ್ಲಾದರೆ ಆರೇ ಅಕ್ಷರ, ಹಿಡಿಯುತ್ತೆ ಅಲ್ವಾ?

ಮಿಡ್‌ವಿಕೆಟ್
ತಂಡಕ್ಕೆ ‘ಕಾವೇರಿ’ ಅಂತ ಇಡಿ, ಚೆನ್ನಾಗಿರುತ್ತೆ.

ಲೆಗ್‌ಬೈ ಮಂಡ್ಯ
ಅಣ್ಣಾ, ಕೇಳಿದ್ದು ತಂಡದ ಹೆಸರಲ್ಲ, ನನ್ನದು!

ಓಪನರ್ ಮೈಸೂರು
ಎಂಟು ಅಕ್ಷರದೊಳಗಿದ್ದರೆ ಯಾವ ಹೆಸರಾದರೂ ಕೂರುತ್ತೆ. ಆರಕ್ಕೆ ಚಿಂತೆಯೇ ಇಲ್ಲ.

ಪ್ರೆಸ್ಸಿನವನು
ಆ ಲೆಕ್ಕ ಇಂಗ್ಲಿಷಿಗೆ ಸುಮಾರಾಗಿ ಸರಿ. ಅಲ್ಲೂ ಎಮ್, ಡಬ್ಲ್ಯೂ ಅಗಲ, ಐ ಸಣ್ಣ. ಕನ್ನಡದಲ್ಲಿ ತೊಂದರೆ ಅಗಲದ್ದಲ್ಲ, ಎತ್ತರದ್ದು. ‘ಕ್ಕ’, ‘ಮ್ಮೇ’ ಎರಡರಲ್ಲೂ ಒತ್ತು ಕೆಳಗೆ ಇಳಿಯುತ್ತೆ. ಹೆಸರಿಗೆ ಎರಡೂವರೆ ಇಂಚು ಎತ್ತರ ಕೊಟ್ಟರೆ ಒತ್ತೇ ಅದರಲ್ಲಿ ಒಂದು ಪಾಲು ತಿನ್ನುತ್ತೆ. ಮೇಲಿನ ಅಕ್ಷರ ಒಂದೂವರೆ ಇಂಚಿನ ಆಸುಪಾಸಿಗೆ ಕುಗ್ಗುತ್ತೆ. ದೊಡ್ಡದು ಮಾಡಿದರೆ ಒತ್ತು ಹೋಗಿ ನಂಬರಿನ ತಲೆ ಮೇಲೆ ಕೂರುತ್ತೆ. ಅದಕ್ಕೇ ಒತ್ತಿಲ್ಲದ ಅಡ್ಡಹೆಸರು ಹುಡುಕಿ. ನಿಮ್ಮನ್ನು ಮೈದಾನದಲ್ಲಿ ಏನಂತ ಕೂಗ್ತಾರೆ?

ಲೆಗ್‌ಬೈ ಮಂಡ್ಯ
‘ಬೆಲ್ಲ’. ನಮ್ಮದು ಆಲೆಮನೆ. ಅಲ್ಲೂ ಒತ್ತು ಬಂತಲ್ಲ! ಬಾಲು ಜೋನಿಬೆಲ್ಲ ಸುರಿದಷ್ಟು ನಿಧಾನ ಅಂತ ಕೀಪರ್ ಮಾತ್ರ ‘ಜೋನಿ’ ಅಂತಾನೆ.

ಪ್ರೆಸ್ಸಿನವನು
‘ಜೋನಿ’ ಬರೆಸಿ. ಎರಡೇ ಅಕ್ಷರ, ಒತ್ತಿಲ್ಲ. 11 ಇಂಚು ತುಂಬಿಸಲು ಹಿಗ್ಗಿಸಬೇಡಿ, ಏಳೆಂಟು ಇಂಚು ಸಾಕು. ಫೈಲ್ ಕಳಿಸುವಾಗ ಅಕ್ಷರವನ್ನು ಕರ್ವ್‌ಗೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರಕ್ಕೆ, ಬದಲಾಯಿಸಿಸಿ. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಕೊಂಬು, ಗುಡಿಸು ಎಲ್ಲಾ ಚೆದುರಿ ಹೋಗಬಹುದು.

ಸ್ಕೋರರಮ್ಮ
ನನ್ನ ಮಗನಿಗೆ ತೋಳಿನ ಹೊಲಿಗೆ ಕೊರಳಿನಿಂದ ಕಂಕುಳಿಗೆ ಓರೆಯಾಗಿ ಇಳಿಯುವ ಜೆರ್ಸಿ ಕೊಟ್ಟಿದ್ದರು. ಮೇಲ್ಭಾಗದಲ್ಲಿ ಬೆನ್ನಿನ ಬಟ್ಟೆ ಕಿರಿದಾಗಿ, ಹೆಸರಿನ ಎರಡು ತುದಿ ತೋಳಿನ ಹೊಲಿಗೆಗೆ ಸಿಕ್ಕಿಬಿಟ್ಟಿತು. ಬಟ್ಟೆಗೇ ಬಣ್ಣ ಇಳಿಸಿದ ಪ್ರಿಂಟು, ಕಿತ್ತು ಹಾಕೋಕೂ ಆಗಲಿಲ್ಲ. ಮೊದಲು ಪೇಪರಿನಲ್ಲಿ ಹೆಸರು ಕತ್ತರಿಸಿ ಅಂಗಿಗೆ ಪಿನ್ ಮಾಡಿ. ಹಾಕಿಕೊಂಡವನನ್ನು ಒಂದು ವಿಕೆಟ್ ಹತ್ತಿರ ನಿಲ್ಲಿಸಿ, ನೀವು ಇನ್ನೊಂದರ ಹತ್ತಿರ ನಿಂತು ಓದಿ. 22 ಗಜದಿಂದ ತಡವರಿಸಿದರೆ ಬೌಂಡರಿಯಿಂದ ನನಗೆ ಏನೂ ಕಾಣಲ್ಲ.

ಓಪನರ್ ಮೈಸೂರು
ಚಮಿಂಡ ವಾಸ್ ಪೂರ್ತಿ ಹೆಸರು ಬರೆದರೆ ಒಂದು ಸಾಲು ಬೇಕು. ಬೆನ್ನ ಮೇಲೆ ಬರೀ ‘ವಾಸ್’. ಆದರೆ ಅಡ್ಡಹೆಸರಿದ್ದರೆ ಟೂರ್ನಮೆಂಟಿನವರು ಪಟ್ಟಿ ನೋಡಿ ತಕರಾರು ಮಾಡಲ್ವಾ?

ಸ್ಕೋರರಮ್ಮ
ಕೆಲವರು ಮಾಡ್ತಾರೆ, ಕೆಲವರು ನಂಬರ್ ಸರಿ ಇದ್ದರೆ ಬಿಡ್ತಾರೆ. ಕೇಳಿಯೇ ಪ್ರಿಂಟಿಗೆ ಕೊಡಿ.

ಲೆಗ್‌ಬೈ ಮಂಡ್ಯ
ಪೇಪರ್ ಕತ್ತರಿಸಿ ನೋಡಿದೆ. ‘ಜೋನಿ’ ಆ ಕಡೆಯ ವಿಕೆಟ್‌ನಿಂದ ಸಲೀಸಾಗಿ ಓದೋಕಾಯ್ತು. ‘ಬೆಲ್ಲ’ದ ಒತ್ತು ನಂಬರ್ 7ರ ಅಡ್ಡಗೆರೆಗೆ ತಾಗಿತು. ಅಪ್ಪ ಮಾತ್ರ, ಆಲೆಮನೆಯವನು ಜೋನಿ ಅಂತ ಬರೆಸಿಕೊಂಡರೆ ಬೆಲ್ಲ ಗಟ್ಟಿಯಾಗಿಲ್ಲ ಅಂದುಕೊಳ್ತಾರೆ ಅಂತ ಗೊಣಗ್ತಿದ್ದಾರೆ.