ಸಹಾಯ ಬೇಕು: ತಂಗಿಯ ಕುತ್ತಿಗೆಯಲ್ಲಿ ಹೆಚ್ಚುವರಿ ಪಕ್ಕೆಲುಬು, ಮುಂದೇನು?

ನಾನು ಎಕ್ಸ್‌ರೇ ಟೆಕ್ನಿಷಿಯನ್, ಆದರೆ ಈ ಫಿಲ್ಮ್ ನನ್ನ ತಂಗಿಯದು. ಅವಳ ಎಡ ಕಾಲರ್ ಬೋನ್ ಮೇಲೆ ಗಟ್ಟಿ ಗಂಟಿದೆ, ಮುಟ್ಟಿದರೆ ನಾಡಿಯಂತೆ ಬಡಿಯುತ್ತದೆ, ಕ್ಯಾನ್ಸರ್ ಇರಬಹುದು ಅಂತ ಮನೆಯವರೆಲ್ಲ ಹೆದರಿದ್ದಾರೆ.

ಎಕ್ಸ್‌ರೇಯಲ್ಲಿ ಕುತ್ತಿಗೆಯ ಏಳನೇ ಮೂಳೆಯಿಂದ ಚಿಕ್ಕ ಪಕ್ಕೆಲುಬು ಹೊರಟಿದೆ. ಏಳನೆಯದೇ ಅನ್ನೋದು ಖಾತ್ರಿ, ಯಾಕಂದ್ರೆ ಆ ಮೂಳೆಯ ಪಕ್ಕದ ಚಾಚು ಕೆಳಕ್ಕೆ ಬಾಗಿದೆ, ಅದರ ಕೆಳಗಿನ, ಎದೆಭಾಗದ ಮೊದಲ ಬೆನ್ನುಮೂಳೆಯದು ಮೇಲಕ್ಕೆ. ಪಕ್ಕೆಲುಬಿಗೂ ಚಾಚಿಗೂ ನಡುವೆ ಕೀಲಿನ ಗೆರೆಯೂ ಕಾಣುತ್ತದೆ, ಹಾಗಾಗಿ ಸುಮ್ನೆ ಉದ್ದ ಬೆಳೆದ ಚಾಚಲ್ಲ. ಇದಿರುವ ಹೆಚ್ಚಿನವರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ. ಪಕ್ಕೆಲುಬು ರಕ್ತನಾಳವನ್ನು ಮೇಲಕ್ಕೆತ್ತಿದರೆ ಹೀಗೆ ಬಡಿಯುತ್ತದೆ ಅಂತಲೂ ಗೊತ್ತು.

ನನ್ನ ಚಿಂತೆ ಬೇರೆ. ಕೈಯೆತ್ತಿ ತಲೆ ಬಾಚುವಾಗ ಅವಳ ಎಡ ಕಿರುಬೆರಳು ಜೋಮು ಹಿಡಿಯುತ್ತದೆ, ಕೈ ಇಳಿಸಿದರೆ ಸರಿಹೋಗುತ್ತದೆ. ಬೆರಳು ತಣ್ಣಗಾಗೋದು, ಬಿಳಿಚಿಕೊಳ್ಳೋದು ಇಲ್ಲ. ನಾಳ ಉಬ್ಬಿದೆಯಾ ಅಂತ ನೋಡಲು ಕೈ ಎತ್ತಿಸಿ ಡಾಪ್ಲರ್ ಮಾಡಿಸಿದರೆ ಸಾಕಾ, ಸಿಟಿ ಆಂಜಿಯೋ ಬೇಕಾ? ಡಾಪ್ಲರ್ ನಾರ್ಮಲ್ ಬಂದರೂ ನರ ಒತ್ತುತ್ತಿರಬಹುದು ಅಲ್ವಾ? ಮೊದಲು ನರರೋಗ ತಜ್ಞರನ್ನು ನೋಡೋದಾ, ರಕ್ತನಾಳದ ಸರ್ಜನ್ ಅನ್ನಾ? ಇಂಥ ಕೇಸ್ ನೋಡಿದವರು ದಯವಿಟ್ಟು ತಿಳಿಸಿ.